ಕಾರ್ಡ್ ನಂಬರ್, ಬಾರ್ ನಂಬರ್ ಒಂದೇ ಇದೆ ಅಂತ ಫೋಟೋ ಕಳಿಸಿದ್ರೆ ದುಡ್ಡು ಕಳಿಸಬೇಡಿ

10 ಗ್ರಾಂ ಚಿನ್ನದ ಬಾರ್. ಬಾರಿನ ತೂಕ, ಶುದ್ಧತೆ ಬರೆದು, ಬಾರನ್ನು ಪ್ಲಾಸ್ಟಿಕ್ಕಿನಲ್ಲಿ ಸೀಲ್ ಮಾಡಿಟ್ಟ ಅಸ್ಸೇ ಕಾರ್ಡ್ ಸಮೇತ. ಸೀಲ್ ಒಡೆದಿಲ್ಲ. ಕಾರ್ಡ್ ಮೇಲಿನ ಸೀರಿಯಲ್ ನಂಬರ್, ಬಾರ್ ಮೇಲಿನ ನಂಬರ್ ಎರಡೂ ಒಂದೇ. ಇಷ್ಟು ಹೇಳಿ, ಇಷ್ಟನ್ನೇ ಫೋಟೋದಲ್ಲಿ ತೋರಿಸಿ ಒಬ್ಬ ನನಗೆ ಹಿತ್ತಾಳೆ ತುಂಡು ಮಾರಿದ್ದಾನೆ. ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಅವನು ಇನ್ನೂ ಮಾರುತ್ತಿದ್ದಾನೆ. ಅದೇ ನಂಬರ್ ಇಟ್ಟುಕೊಂಡು ಮಾರುತ್ತಿದ್ದಾನೆ. ಅದನ್ನು ಮುಂದೆ ಹೇಳುತ್ತೇನೆ.

ಇಂಥ ವ್ಯವಹಾರ ಹೇಗೆ ನಡೆಯುತ್ತದೆ ಅಂತ ನಿಮಗೆ ಗೊತ್ತೇ ಇದೆ. ಫೋಟೋ ಕೇಳುತ್ತೇವೆ, ಕಳಿಸುತ್ತಾರೆ, ಇನ್ನೊಂದೆರಡು ಕೇಳುತ್ತೇವೆ, ಅದನ್ನೂ ಕಳಿಸುತ್ತಾರೆ. ಇವನೂ ಕೇಳಿದ್ದೆಲ್ಲ ಕಳಿಸಿದ. ಕಾರ್ಡಿನ ಮುಂಭಾಗ, ಹಿಂಭಾಗ, ನಂಬರಿನ ಹತ್ತಿರದ ಫೋಟೋ, ಎಲ್ಲವೂ ಸ್ಪಷ್ಟ, ಒಂದೂ ಮಸುಕಾಗಿರಲಿಲ್ಲ. ಒಂದೊಂದು ಅಂಕಿಯನ್ನೂ ಬೆರಳಿಟ್ಟು ಹೋಲಿಸಿ ನೋಡಿದೆ. ಸರಿ ಇತ್ತು. "ನೋಡಿ ಸರ್, ನಂಬರ್ ಮ್ಯಾಚ್ ಆಗ್ತಿದೆ ಅಲ್ವಾ, ಇನ್ನೇನ್ ಪ್ರೂಫ್ ಬೇಕು ನಿಮಗೆ" ಅಂದ. ಈ ಮಾತನ್ನು ಅವನು ಎಷ್ಟು ಸಲ ಹೇಳಿದನೋ. ಪ್ರತಿ ಪ್ರಶ್ನೆಗೂ ಅದೇ ಉತ್ತರ, ನಂಬರ್ ಮ್ಯಾಚ್ ಆಗ್ತಿದೆ, ನಂಬರ್ ಮ್ಯಾಚ್ ಆಗ್ತಿದೆ.

ಇಲ್ಲೇ ವಿಷಯ ಇರೋದು. ನಂಬರ್ ಮ್ಯಾಚ್ ಆಗುವುದು ಅಂದರೆ ಈ ಕಾರ್ಡ್ ಈ ಬಾರಿನ ಜೊತೆಯದು ಅಂತ ಅಷ್ಟೇ. ಆ ಬಾರ್ ಚಿನ್ನ ಅಂತ ಅಲ್ಲ. ನಕಲಿ ಮಾಡುವವನು ಕಾರ್ಡನ್ನೂ ತಾನೇ ಅಚ್ಚು ಹಾಕುತ್ತಾನೆ, ಬಾರಿನ ಮೇಲೆ ನಂಬರನ್ನೂ ತಾನೇ ಕೊರೆಯುತ್ತಾನೆ. ಎರಡೂ ಒಬ್ಬನ ಕೈಯಲ್ಲೇ ತಯಾರಾದಾಗ ನಂಬರ್ ಯಾಕೆ ಬೇರೆ ಬರುತ್ತದೆ? ನಂಬರ್ ಬೇರೆ ಇದ್ದರೆ ಖಂಡಿತ ಬಿಟ್ಟುಬಿಡಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದೇ ಇದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಪ್ಯಾಕ್ ಕೈಗೆ ಬಂದಮೇಲೆ ಚಿನ್ನ ಪರೀಕ್ಷೆ ಮಾಡುವ ಪರಿಚಯದವರೊಬ್ಬರಿಗೆ ತೋರಿಸಿದೆ. ಅವರು ನಂಬರ್ ನೋಡಲೇ ಇಲ್ಲ. ಕಾರ್ಡನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು, ಬಾರಿನ ಸುತ್ತ ಇರುವ ಪ್ಲಾಸ್ಟಿಕ್ ಅಂಚನ್ನೇ ನೋಡುತ್ತಾ ತಿರುಗಿಸಿದರು. "ಇದು ಅಂಟು" ಅಂದರು. ಅಷ್ಟೇ. ಆ ಒಂದು ಮಾತಿಗೆ ನನ್ನ ಕೈಕಾಲು ತಣ್ಣಗಾಯಿತು.

ಅವರು ತೋರಿಸಿದ್ದನ್ನು ಹಾಗೆಯೇ ಹೇಳುತ್ತೇನೆ. ಅವರ ಬಳಿ ಅದೇ ತಯಾರಕರ ಅದೇ 10 ಗ್ರಾಂ ಅಸಲಿ ಪ್ಯಾಕ್ ಒಂದಿತ್ತು. ಪಕ್ಕಪಕ್ಕ ಇಟ್ಟರು. ಅಸಲಿಯಲ್ಲಿ ಎರಡು ಪ್ಲಾಸ್ಟಿಕ್ ಪದರಗಳು ಬೆಸೆದುಕೊಂಡಿದ್ದವು. ಬೆಸುಗೆಯ ಪಟ್ಟಿ ಸುತ್ತಲೂ ಒಂದೇ ಅಗಲ, ಮೂಲೆಯಲ್ಲೂ ಒಂದೇ ಥರ. ಅದನ್ನು ಬಿಡಿಸಲು ಹೋದರೆ ಪ್ಲಾಸ್ಟಿಕ್ ಮಡಿಚಿದ ಕಡೆ ಬೆಳ್ಳಗಾಗುತ್ತದೆ ಅಥವಾ ಹರಿಯುತ್ತದೆ, ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಒಡೆದರೆ ಗೊತ್ತಾಗುವ ಪ್ಯಾಕ್ ಅನ್ನುವುದು ಇದಕ್ಕೇ. ನನ್ನದರಲ್ಲಿ ಕೆಳಗಿನ ಅಂಚಿನ ಉದ್ದಕ್ಕೂ ಅಂಟಿನ ಸಣ್ಣ ಹೊಳೆಯುವ ಗೆರೆ, ಒಂದು ಕಡೆ ದಪ್ಪ, ಒಂದು ಕಡೆ ತೆಳು. ಮೂಲೆಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿತ್ತು. ನೇರ ಹಿಡಿದರೆ ಏನೂ ಕಾಣದು. ಓರೆ ಹಿಡಿದು ಬೆಳಕು ಜಾರಿಸಿದರೆ ಮಾತ್ರ ಕಾಣುತ್ತದೆ.

ಮನೆಗೆ ಬಂದು ಅವನು ಕಳಿಸಿದ ಫೋಟೋಗಳನ್ನು ಮತ್ತೆ ತೆಗೆದೆ. ಒಂದೂ ಓರೆ ಫೋಟೋ ಇಲ್ಲ! ಎಲ್ಲವೂ ನೆಟ್ಟಗೆ ಮೇಲಿಂದ ತೆಗೆದದ್ದು. ಕಾರ್ಡನ್ನು ಕೈಯಲ್ಲಿ ಹಿಡಿದ ಪ್ರತಿ ಫೋಟೋದಲ್ಲೂ ಹೆಬ್ಬೆರಳು ಕೆಳಗಿನ ಅಂಚಿನ ಮೇಲೆಯೇ. ಆ ಗೆರೆ ಇದ್ದ ಜಾಗದ ಮೇಲೆಯೇ. ಸುಮ್ನೆ ಹಿಡಿದ ಕೈ ಅದು ಅಂತ ನಾನು ನಂಬುವುದಿಲ್ಲ, ಮುಚ್ಚಿಡಲು ಹಿಡಿದ ಕೈ. ಇನ್ನೊಂದು ಸಂಗತಿ. ಒಂದು ಫೋಟೋದಲ್ಲಿ ಬಾರ್ ಕಾರ್ಡಿನ ಪ್ಲಾಸ್ಟಿಕ್ ಕಿಟಕಿಯಲ್ಲಿ ನೇರವಾಗಿ ಕೂತಿದೆ, ಇನ್ನೊಂದರಲ್ಲಿ ಎಡಕ್ಕೆ ಸ್ವಲ್ಪ ವಾಲಿದೆ. ಅಂದರೆ ಒಳಗೆ ಅಲ್ಲಾಡುತ್ತಿದೆ. ಎಲ್ಲ ತಯಾರಕರ ಪ್ಯಾಕೂ ಬಿಗಿಯಾಗಿರುತ್ತದೆ ಅಂತ ಹೇಳುವುದಿಲ್ಲ, ಕೆಲವದರಲ್ಲಿ ಕೂದಲೆಳೆಯಷ್ಟು ಜಾಗ ಇರುತ್ತದೆ. ಆದರೆ ಇದರ ಅಸಲಿ ಪ್ಯಾಕನ್ನು ಅಲ್ಲಾಡಿಸಿದರೆ ಸದ್ದೇ ಇಲ್ಲ, ನನ್ನದು ಟಕಟಕ ಅನ್ನುತ್ತಿತ್ತು.

ಪರೀಕ್ಷೆಯವರು ಪ್ಯಾಕ್ ಒಡೆಯಬೇಡಿ ಅಂದರು. ಇದು ತುಂಬ ಮುಖ್ಯ. ಒಡೆದ ಕೂಡಲೇ ಮಾರಿದವನು ನೀವೇ ಬದಲಾಯಿಸಿದ್ದೀರಿ ಅನ್ನುತ್ತಾನೆ. ಒಡೆಯದೆಯೇ ಎರಡು ಕೆಲಸ ಮಾಡಿದರು. ಮೊದಲು ಎರಡೂ ಪ್ಯಾಕುಗಳನ್ನು ಒಂದೊಂದಾಗಿ ತೂಕ ಮಾಡಿದರು. ಒಂದೇ ಕಾರ್ಡ್, ಒಂದೇ ಪ್ಲಾಸ್ಟಿಕ್, ಒಂದೇ ಗಾತ್ರದ ಬಾರ್, ತೂಕ ಹೆಚ್ಚುಕಡಿಮೆ ಒಂದೇ ಇರಬೇಕು ಅಲ್ವಾ? ನನ್ನದು ಸುಮಾರು 5.6 ಗ್ರಾಂ ಕಡಿಮೆ. ಕಾರ್ಡ್ ಮುದ್ರಣದ ವ್ಯತ್ಯಾಸಕ್ಕೆ ಇಷ್ಟು ಬರುವುದಿಲ್ಲ. ಲೆಕ್ಕ ಹಾಕಿ ತೋರಿಸಿದರು. ಚಿನ್ನ ಒಂದು ಘನ ಸೆಂಟಿಮೀಟರಿಗೆ 19.3 ಗ್ರಾಂ ತೂಗುತ್ತದೆ, ಹಾಗಾಗಿ 10 ಗ್ರಾಂ ಬಾರಿನ ಗಾತ್ರ ಸುಮಾರು 0.52 ಘನ ಸೆಂಟಿಮೀಟರ್. ಅಷ್ಟೇ ಗಾತ್ರದ ಹಿತ್ತಾಳೆ, ಘನ ಸೆಂಟಿಮೀಟರಿಗೆ 8.5 ಗ್ರಾಂ ಅಂತ ಇಟ್ಟುಕೊಂಡರೆ, 4.4 ಗ್ರಾಂ ಬರುತ್ತದೆ. ಹತ್ತರಲ್ಲಿ 4.4 ಕಳೆದರೆ 5.6. ಸರಿಯಾಗಿ ಕೂತಿತು.

ಎರಡನೆಯದು ಲೋಹದಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಅಳೆಯುವ ಯಂತ್ರ. ತೆಳು ಪ್ಲಾಸ್ಟಿಕ್ ಮೇಲಿಂದಲೇ ಓದುತ್ತದೆ, ಮೇಲಿನ ಚಿನ್ನದ ಲೇಪ ದಾಟಿ ಒಳಗಿನದನ್ನೂ ಹಿಡಿಯುತ್ತದೆ. ಬಾರ್ ಚಿಕ್ಕದಾದರೆ ಅದಕ್ಕೆ ತಕ್ಕ ಚಿಕ್ಕ ಸೆನ್ಸರ್ ಬೇಕು, ಅದನ್ನೇ ಹಾಕಿದರು. ನನ್ನದು ಚಿನ್ನದ ಅರ್ಧದಷ್ಟೂ ತೋರಿಸಲಿಲ್ಲ. ಅಸಲಿ ಪ್ಯಾಕ್ ಇಟ್ಟರೆ ಸರಿಯಾಗಿ ಚಿನ್ನದ ಗೆರೆಯಲ್ಲೇ ನಿಂತಿತು. ಈ ಎರಡೂ ಪರೀಕ್ಷೆ ಬೇಕು, ಒಂದೇ ಸಾಲದು. ಟಂಗ್‌ಸ್ಟನ್ ಅನ್ನುವ ಲೋಹದ ತೂಕ ಚಿನ್ನದಷ್ಟೇ ಇರುತ್ತದೆ, ಅದನ್ನು ಒಳಗಿಟ್ಟರೆ ತಕ್ಕಡಿಗೆ ಗೊತ್ತೇ ಆಗುವುದಿಲ್ಲ. ಆದರೆ ಈ ಯಂತ್ರಕ್ಕೆ ಗೊತ್ತಾಗುತ್ತದೆ.

ಈಗ ಅವನ ಉತ್ತರಗಳನ್ನು ಕೇಳಿ. ಮೊದಲು ಎಲ್ಲ ಫೋಟೋ, ತೂಕ, ಯಂತ್ರದ ಅಂಕಿ ಕಳಿಸಿದೆ. "ಪ್ಲಾಸ್ಟಿಕ್ ಇದೆ ಸರ್, ಮಷೀನ್ ತಪ್ ತೋರಿಸುತ್ತೆ" ಅಂದ. ಅದೇ ಪ್ಲಾಸ್ಟಿಕ್ಕಿನ ಅಸಲಿ ಪ್ಯಾಕ್ ಸರಿ ತೋರಿಸಿತಲ್ಲ ಅಂದೆ. ಅದಕ್ಕೆ ಉತ್ತರ ಇಲ್ಲ. ಮಾರನೇ ದಿನ "ಪ್ಯಾಕ್ ಓಪನ್ ಮಾಡಿ ಚೆಕ್ ಮಾಡಿ, ಚಿನ್ನ ಅಲ್ಲ ಅಂದ್ರೆ ಹಣ ವಾಪಸ್" ಅಂದ. ಒಡೆದ ಮೇಲೆ ನೀವು ಒಪ್ಪುತ್ತೀರಾ ಅಂತ ಬರಹದಲ್ಲಿ ಕೊಡಿ ಅಂದೆ. "ಸೀಲ್ ಒಡೆದ ಐಟಂ ನಾವು ವಾಪಸ್ ತಗೊಳಲ್ಲ ಸರ್, ಇದು ಎಲ್ಲರಿಗೂ ಗೊತ್ತಿರೋ ರೂಲ್" ಅಂದ. ಅದೇ ಮನುಷ್ಯ, ಅದೇ ದಿನ! ಒಡೆಯಿರಿ ಅನ್ನುವವನೂ ಅವನೇ, ಒಡೆದರೆ ತಗೊಳಲ್ಲ ಅನ್ನುವವನೂ ಅವನೇ. ಓದುತ್ತಾ ಓದುತ್ತಾ ಮೈ ಉರಿದುಹೋಯಿತು. ಒಡೆಯದ ಪ್ಯಾಕ್ ಈಗಲೇ ವಾಪಸ್ ತಗೊಳ್ಳಿ ಅಂದರೆ, "ಸೀಲ್ ಇದೆ, ನಂಬರ್ ಮ್ಯಾಚ್ ಇದೆ, ಐಟಂ ಸರಿ ಇದೆ, ಯಾಕ್ ವಾಪಸ್ ತಗೋಬೇಕು?"

ಮತ್ತೆ ಅದೇ ಮಾತು. ನಂಬರ್.

ಅದಾದ ಮೇಲೆ ಅವನು ಹಾಕಿದ ಹೊಸ ಜಾಹೀರಾತು ಕಣ್ಣಿಗೆ ಬಿತ್ತು. ಬೇರೆ ಮೇಜು, ಬೇರೆ ಬೆಳಕು, ಹೊಸದಾಗಿ ತೆಗೆದ ಫೋಟೋ. ಕಾರ್ಡ್ ಮೇಲೆ ನನ್ನ ನಂಬರ್. ಬಾರ್ ಮೇಲೆ ನನ್ನ ನಂಬರ್. ಆ ಹೊತ್ತಿಗೆ ನನ್ನ ಪ್ಯಾಕ್ ನನ್ನ ಮನೆಯಲ್ಲೇ ಇತ್ತು. ಹಳೆಯ ಫೋಟೋ ಇರಬಹುದೇನೋ ಅಂತ ದೊಡ್ಡದು ಮಾಡಿ ನೋಡಿದೆ. ನನ್ನ ಪ್ಯಾಕಿನ ಒಳಗೆ ನಂಬರಿನ ಪಕ್ಕ ಒಂದು ಕಪ್ಪು ಧೂಳಿನ ಚುಕ್ಕಿ ಸಿಕ್ಕಿಕೊಂಡಿದೆ, ಅವನು ನನಗೆ ಕಳಿಸಿದ ಫೋಟೋದಲ್ಲೂ ಅದಿದೆ. ಈ ಹೊಸ ಫೋಟೋದಲ್ಲಿ ಚುಕ್ಕಿ ಇಲ್ಲ. ಅದರ ಬದಲು ಬಾರಿನ ಮೇಲಿನ ಮೂಲೆಯಲ್ಲಿ ನನ್ನದರಲ್ಲಿ ಇಲ್ಲದ ಒಂದು ಗೀರು ಇದೆ. ಅಂದರೆ ಬೇರೆಯದೇ ಪ್ಯಾಕ್, ಅದೇ ನಂಬರ್. ಒಂದು ಸೀರಿಯಲ್ ನಂಬರ್ ಒಂದು ಬಾರ್ ಮೇಲೆ ಮಾತ್ರ ಇರಬೇಕು. ಇವನ ಹತ್ತಿರ ಒಂದೇ ನಂಬರಿನ ರಾಶಿಯೇ ಇರಬಹುದು. ಅದನ್ನು ಕೇಳಿದೆ. "ಪ್ರಿಂಟಿಂಗ್ ಮಿಸ್ಟೇಕ್ ಇರ್ಬೇಕು ಸರ್" ಅಂದ, ಆಮೇಲೆ ನನ್ನನ್ನು ಬ್ಲಾಕ್ ಮಾಡಿದ.

ತಯಾರಕರ ಸೈಟಿನಲ್ಲಿ ನಂಬರ್ ಹಾಕಿ ನೋಡಬಹುದಿತ್ತಲ್ಲ ಅಂತ ಕೇಳುವವರಿಗೆ ಒಂದು ಮಾತು. ಆ ಸೌಲಭ್ಯ ಎಲ್ಲರೂ ಕೊಡುವುದಿಲ್ಲ. ಕೊಟ್ಟರೂ ಆ ನಂಬರಿನ ಬಾರ್ ಎಂದೋ ತಯಾರಾಗಿದೆ ಅಂತ ಹೇಳುತ್ತದೆ, ನಿಮ್ಮ ಕೈಯಲ್ಲಿರುವುದು ಅದೇ ಅಂತ ಹೇಳುವುದಿಲ್ಲ. ಅಸಲಿ ನಂಬರನ್ನೇ ಕದ್ದು ಕೊರೆದಿದ್ದರೆ ಸೈಟ್ ಹೌದು ಅಂತಲೇ ಅನ್ನುತ್ತದೆ. ಸ್ವಿಟ್ಜರ್ಲೆಂಡಿನ ಪ್ಯಾಂಪ್ ಅನ್ನುವ ಬಾರ್ ತಯಾರಕರ ವೆರಿಸ್ಕ್ಯಾನ್ ಥರದ್ದು ಬೇರೆ, ಅದು ಪ್ರತಿ ಬಾರಿನ ಮೇಲ್ಮೈಯಲ್ಲಿರುವ ಸೂಕ್ಷ್ಮ ಗುರುತುಗಳನ್ನೇ ದಾಖಲಿಸಿಟ್ಟು ಹೋಲಿಸುತ್ತದೆ. ಇನ್ನು ನಾಣ್ಯ ಕೊಳ್ಳುವವರು ಇನ್ನೂ ಹುಷಾರಾಗಿರಿ. ಕ್ರೂಗರ್‌ರ‍್ಯಾಂಡ್‌ನಂಥ ಸಾಮಾನ್ಯ ಚಿನ್ನದ ನಾಣ್ಯಗಳ ಮೇಲೆ ಸೀರಿಯಲ್ ನಂಬರೇ ಇರುವುದಿಲ್ಲ. ಒತ್ತಿ ಮುಚ್ಚುವ ದುಂಡನೆ ಪ್ಲಾಸ್ಟಿಕ್ ಡಬ್ಬಿ ಸೀಲ್ ಅಲ್ಲ, ಉಗುರಲ್ಲಿ ತೆಗೆದು ಮತ್ತೆ ಮುಚ್ಚಬಹುದು. ಅದರ ಜೊತೆ ಬರುವ ಕಾರ್ಡಿನ ನಂಬರಿಗೂ ಒಳಗಿನ ನಾಣ್ಯಕ್ಕೂ ಯಾವ ನಂಟೂ ಇಲ್ಲ.

ಫೋಟೋ ಕೇಳುವುದಾದರೆ ಹೀಗೆ ಕೇಳಿ. ಕಾರ್ಡನ್ನು ಮೇಜಿನ ಮೇಲಿಟ್ಟು, ಬೆರಳು ಎಲ್ಲೂ ಅಂಚಿಗೆ ತಾಗದ ಹಾಗೆ, ದೀಪದ ಬೆಳಕು ಓರೆಯಾಗಿ ಬೀಳುವಂತೆ ನಾಲ್ಕೂ ಅಂಚುಗಳ ವಿಡಿಯೋ, ಮಧ್ಯೆ ಕತ್ತರಿಸದೆ, ಹಿಂದೆಮುಂದೆ ತಿರುಗಿಸಿ. ಅದೇ ವಿಡಿಯೋದಲ್ಲಿ ಪ್ಯಾಕನ್ನು ತಕ್ಕಡಿ ಮೇಲಿಡಲಿ, ತಕ್ಕಡಿ ಸೊನ್ನೆ ತೋರಿಸುವುದೂ ಕಾಣಲಿ. ಕಿವಿಯ ಹತ್ತಿರ ಅಲ್ಲಾಡಿಸಲಿ. ನಂಬರ್ ಹತ್ತಿರದ ಫೋಟೋ ಕೊನೆಗೆ ಕೇಳಿ, ಅದನ್ನು ಎಲ್ಲರೂ ಖುಷಿಯಿಂದ ಕೊಡುತ್ತಾರೆ. ಓರೆ ಬೆಳಕಿನ ಅಂಚಿಗೆ "ಯಾಕ್ ಸರ್ ಇಷ್ಟೊಂದು ಡೌಟು" ಅಂದರೆ ಅಲ್ಲಿಗೇ ಬಿಟ್ಟುಬಿಡಿ.

ನನ್ನ ಪ್ಯಾಕ್ ಒಡೆಯದೆ ಹಾಗೇ ಇಟ್ಟಿದ್ದೇನೆ. ಎರಡೂ ಜಾಹೀರಾತಿನ ಫೋಟೋ, ಅವನ ಮಾತುಗಳು, ತೂಕದ ವಿಡಿಯೋ ಎಲ್ಲ ಸೇರಿಸಿ ಪೊಲೀಸ್ ದೂರು ಕೊಟ್ಟಿದ್ದೇನೆ. ಇವನಿಂದ ತಗೊಂಡವರು ಬೇರೆ ಯಾರಾದರೂ ಇದ್ದರೆ ಪ್ಯಾಕ್ ಒಡೆಯಬೇಡಿ, ನಿಮ್ಮ ನಂಬರಿನ ಕೊನೆಯ ಮೂರು ಅಂಕಿ ಮಾತ್ರ ನನಗೆ ಬರೆಯಿರಿ. ನನ್ನದಕ್ಕೆ ಹೊಂದಿದರೆ ಅದನ್ನೂ ದೂರಿಗೆ ಸೇರಿಸುತ್ತೇನೆ.