ನೂರನೇ ದಿನ ಯಾವತ್ತು? ಕ್ಯಾಲೆಂಡರ್, ಕಾಗದ, ಡೈರಿ, ಶೀಟ್, ವೆಬ್‌ಸೈಟ್‌ಗಳ ಹೋಲಿಕೆ

ನನ್ನ ತಂಗಿಯ ಮಗು ಹುಟ್ಟಿದ್ದು 2023ರ ಡಿಸೆಂಬರ್ 5ಕ್ಕೆ, ಮಂಗಳವಾರ. ನೂರನೇ ದಿನಕ್ಕೆ ಒಂದು ಚಿಕ್ಕ ಊಟ ಇಟ್ಕೊಳ್ಳೋಣ ಅಂತ ಮಾತಾಯ್ತು. ತಾರೀಖು ಕೇಳಿದರೆ ಮನೆಯಲ್ಲಿ ಒಬ್ಬರು ಮಾರ್ಚ್ 13 ಅಂದರು, ಇನ್ನೊಬ್ಬರು 14 ಅಂದರು. ಆಮೇಲೆ ಇದೇ ಲೆಕ್ಕವನ್ನು ಬೇರೆ ಬೇರೆ ರೀತಿಯಲ್ಲಿ ಮಾಡಿ ನೋಡಿದೆ. ಯಾವುದು ಸಲೀಸು, ಯಾವುದು ಎಲ್ಲಿ ಕೈಕೊಡುತ್ತದೆ ಅಂತ ಬರೆಯುತ್ತಿದ್ದೇನೆ.

ಮೊದಲು ಆ ಒಂದು ದಿನದ ಜಗಳ ಬಗೆಹರಿಸಬೇಕು. ಹುಟ್ಟಿದ ದಿನವನ್ನೇ ಒಂದನೇ ದಿನ ಅಂತ ಹಿಡಿದರೆ, ನೂರನೇ ದಿನ ಬರೋದು ಅಲ್ಲಿಂದ 99 ದಿನ ಮುಂದೆ. ನಮ್ಮಲ್ಲಿ ಹನ್ನೊಂದನೇ ದಿನದ ನಾಮಕರಣಕ್ಕೆ ಎಣಿಸೋದು ಹೀಗೇ ಅಲ್ವಾ? ಸಿನಿಮಾದವರ ಲೆಕ್ಕವೂ ಇದೇ, ಬಿಡುಗಡೆಯ ದಿನವೇ ಮೊದಲ ದಿನ. ಮಗುವಿನ ನೂರನೇ ದಿನವನ್ನು ದೊಡ್ಡ ಹಬ್ಬ ಮಾಡುವ ಕೊರಿಯಾದಲ್ಲೂ ಹುಟ್ಟಿದ ದಿನವನ್ನು ಸೇರಿಸಿಯೇ ಎಣಿಸುತ್ತಾರೆ. ‘ನೂರು ದಿನ ತುಂಬಿತು’ ಅನ್ನೋದು ಬೇರೆ ಲೆಕ್ಕ. ಅದಕ್ಕೆ ಪೂರ್ತಿ 100 ದಿನ ಮುಂದೆ ಹೋಗಬೇಕು. ಹಾಗಾಗಿ ನೂರನೇ ದಿನ ಮಾರ್ಚ್ 13, ನೂರು ದಿನ ತುಂಬೋದು ಮಾರ್ಚ್ 14. ಮನೆಯಲ್ಲಿ ಇಬ್ಬರೂ ಸರಿಯಾಗೇ ಎಣಿಸಿದ್ದರು, ಎಣಿಸಿದ್ದು ಮಾತ್ರ ಬೇರೆ ಬೇರೆ. ಸಾವಿರನೇ ದಿನದ ತಾರೀಖನ್ನೂ ಜೊತೆಗೇ ನೋಡಿದ್ದೇನೆ, ಹಾಗಾಗಿ ಕೆಳಗೆ ಎಲ್ಲ ಕಡೆ ನೂರನೇ ದಿನಕ್ಕೆ 99, ಸಾವಿರನೇ ದಿನಕ್ಕೆ 999 ಕೂಡಿಸುತ್ತೇನೆ.

ಗೋಡೆ ಕ್ಯಾಲೆಂಡರ್

ಒಂದೊಂದೇ ಮನೆ ಮುಟ್ಟುತ್ತಾ ನೂರರವರೆಗೆ ಎಣಿಸಲು ಹೋಗಬೇಡಿ. ಮಧ್ಯೆ ಯಾರಾದರೂ ಕರೆದರೆ ಮತ್ತೆ ಒಂದರಿಂದ ಶುರು. ವಾರ ಲೆಕ್ಕದಲ್ಲಿ ಹೋದರೆ ಎಷ್ಟೋ ಸುಲಭ. 99 ಅಂದರೆ 14 ವಾರ ಮತ್ತು ಒಂದು ದಿನ. ಹುಟ್ಟಿದ ವಾರದ ಸಾಲಿನಲ್ಲೇ 14 ಹೆಜ್ಜೆ ಹೋಗಿ, ಆಮೇಲೆ ಒಂದು ದಿನ ಮುಂದೆ ಇಟ್ಟರೆ ಮುಗಿಯಿತು.

ನಮ್ಮ ಮಗುವಿನದು ನೋಡಿ. ಡಿಸೆಂಬರ್ 5 ಮಂಗಳವಾರ. ಅಲ್ಲಿಂದ 12, 19, 26ಕ್ಕೆ ಮೂರು ವಾರ. ಜನವರಿಯಲ್ಲಿ 2, 9, 16, 23, 30ಕ್ಕೆ ಎಂಟು. ಫೆಬ್ರವರಿಯಲ್ಲಿ 6, 13, 20, 27ಕ್ಕೆ ಹನ್ನೆರಡು. ಮಾರ್ಚ್ 5, 12ಕ್ಕೆ ಹದಿನಾಲ್ಕು. ಮರುದಿನ ಮಾರ್ಚ್ 13, ಬುಧವಾರ.

ಇದರಲ್ಲಿ ಒಂದು ಲಾಭ ಇದೆ. ಯಾವ ತಿಂಗಳಿಗೆ 30, ಯಾವುದಕ್ಕೆ 31, ಫೆಬ್ರವರಿಗೆ 28ಓ 29ಓ ಅನ್ನೋ ತಲೆನೋವೇ ಇಲ್ಲ. ಕ್ಯಾಲೆಂಡರ್ ಅಚ್ಚು ಹಾಕಿದವರು ಅದನ್ನು ಆಗಲೇ ನೋಡಿಕೊಂಡಿರುತ್ತಾರೆ. ತಪ್ಪೋದು ಒಂದೇ ಜಾಗದಲ್ಲಿ. ಕೆಲವು ಕ್ಯಾಲೆಂಡರ್‌ಗಳಲ್ಲಿ ಜಾಗ ಸಾಲದೆ 30, 31ನ್ನು ಪುಟದ ಮೊದಲ ಮನೆಗಳಿಗೆ ತುರುಕಿರುತ್ತಾರೆ. ಅವಸರದಲ್ಲಿ ಆ ವಾರ ಕಣ್ಣಿಗೆ ಬೀಳದೆ ಹೋದರೆ ಉತ್ತರ ಒಂದು ವಾರ ಮುಂದಕ್ಕೆ ಜಾರುತ್ತದೆ.

ಈ ವಿಧಾನದಿಂದಲೇ ಸಿಗುವ ಇನ್ನೊಂದು ಉಪಯೋಗ, ವಾರದ ತಾಳೆ. ನೂರನೇ ದಿನ ಯಾವಾಗಲೂ ಹುಟ್ಟಿದ ವಾರದ ಮರುವಾರವೇ ಬರಬೇಕು. ಸೋಮವಾರ ಹುಟ್ಟಿದರೆ ಮಂಗಳವಾರ, ಶುಕ್ರವಾರ ಬಿಡುಗಡೆಯಾದ ಸಿನಿಮಾಕ್ಕೆ ಶನಿವಾರ. (ಐವತ್ತನೇ ದಿನ ಮಾತ್ರ ಅದೇ ಶುಕ್ರವಾರ, ಯಾಕಂದರೆ 49 ಅಂದರೆ ಸರಿಯಾಗಿ ಏಳು ವಾರ.) ಸಾವಿರನೇ ದಿನ ಹುಟ್ಟಿದ ವಾರಕ್ಕಿಂತ ಎರಡು ವಾರ ಹಿಂದಿನ ಹೆಸರಿನದು, ಅಂದರೆ ಮಂಗಳವಾರದವರಿಗೆ ಭಾನುವಾರ. ಬೇರೆ ಯಾವ ವಿಧಾನದಲ್ಲಿ ಉತ್ತರ ತಂದರೂ ಕೊನೆಗೆ ಇದನ್ನು ನೋಡುತ್ತೇನೆ.

ಆದರೆ ಸಾವಿರನೇ ದಿನಕ್ಕೆ ಗೋಡೆ ಕ್ಯಾಲೆಂಡರ್ ಆಗಲ್ಲ. 142 ವಾರ ಮತ್ತು ಐದು ದಿನ ಎಣಿಸಬೇಕು, ಮುಂದಿನ ವರ್ಷಗಳ ಕ್ಯಾಲೆಂಡರ್ ಇನ್ನೂ ಅಚ್ಚೇ ಆಗಿರಲ್ಲ.

ಕಾಗದ, ಪೆನ್ನು, ಮುಷ್ಟಿ

ಮುಷ್ಟಿಯ ಗೆಣ್ಣು ಎಣಿಸಿ ತಿಂಗಳ ದಿನ ಹೇಳೋದು ಎಲ್ಲರಿಗೂ ಗೊತ್ತು. ಡಿಸೆಂಬರ್ 5ರ ನಂತರ ಆ ತಿಂಗಳಲ್ಲಿ ಉಳಿದದ್ದು 26. ಜನವರಿಯ 31 ಸೇರಿಸಿ 57. ಫೆಬ್ರವರಿಯ 29 ಸೇರಿಸಿ 86. 99ಕ್ಕೆ ಇನ್ನೂ 13 ಬೇಕು, ಹಾಗಾಗಿ ಮಾರ್ಚ್ 13.

2024 ಅಧಿಕ ವರ್ಷ ಅನ್ನೋದು ಮರೆತರೆ ಉತ್ತರ ಮಾರ್ಚ್ 14, ಗುರುವಾರ ಆಗುತ್ತದೆ. ಮಂಗಳವಾರದ ಮಗುವಿಗೆ ನೂರನೇ ದಿನ ಗುರುವಾರ ಬರೋದೇ ಇಲ್ಲ, ಅಲ್ಲೇ ಸಿಕ್ಕಿಬೀಳುತ್ತದೆ. ಇನ್ನೊಂದು ಎಡವಟ್ಟು, ಹುಟ್ಟಿದ ದಿನವನ್ನೂ ಸೇರಿಸಿ ಡಿಸೆಂಬರ್‌ಗೆ 27 ಹಿಡಿದು, ಕೊನೆಗೆ 99ಕ್ಕೇ ನಿಲ್ಲಿಸೋದು. 27 ಹಿಡಿದರೆ 100ರವರೆಗೆ ಹೋಗಬೇಕು, 26 ಹಿಡಿದರೆ 99. ಎರಡನ್ನೂ ಬೆರೆಸಬಾರದು.

ನೂರಕ್ಕೆ ಇದು ಪರವಾಗಿಲ್ಲ. ಸಾವಿರಕ್ಕೆ ತಿಂಗಳು ತಿಂಗಳು ಕೂಡಿಸುತ್ತಾ ಕೂತರೆ ಬೇಸರ ಬರುತ್ತದೆ.

ಡೈರಿಯ ಮೂಲೆಯ ಅಂಕಿ

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಹೊಸ ವರ್ಷಕ್ಕೆ ಬರುವ ಆಫೀಸ್ ಡೈರಿಗಳಲ್ಲಿ ಎಷ್ಟೋ ಸಲ ಪ್ರತಿ ಪುಟದ ಮೂಲೆಯಲ್ಲಿ ಸಣ್ಣಗೆ ಎರಡು ಅಂಕಿ ಇರುತ್ತವೆ. 2023ರ ಡಿಸೆಂಬರ್ 5ರ ಪುಟದಲ್ಲಾದರೆ 339-26. ಅದು ವರ್ಷದ 339ನೇ ದಿನ, ವರ್ಷ ಮುಗಿಯಲು ಇನ್ನು 26 ದಿನ ಇದೆ ಅಂತ ಅರ್ಥ. ಇಷ್ಟು ವರ್ಷ ಡೈರಿ ಬಳಸಿದವರಲ್ಲೂ ಎಷ್ಟೋ ಜನ ಇದರ ಕಡೆ ನೋಡಿರಲ್ಲ.

ನೂರನೇ ದಿನಕ್ಕೆ ಒಂದೇ ಕಳೆಯೋ ಲೆಕ್ಕ. 99ರಲ್ಲಿ 26 ಕಳೆದರೆ 73. 2024ರ ಡೈರಿಯಲ್ಲಿ 73 ಅಂತ ಇರುವ ಪುಟ ತೆಗೆಯಿರಿ, ಮಾರ್ಚ್ 13. ಮಗು ವರ್ಷದ ಮೊದಲಲ್ಲೇ ಹುಟ್ಟಿದ್ದರೆ ಇನ್ನೂ ಸುಲಭ. ಆ ಪುಟದ ಅಂಕಿಗೆ 99 ಕೂಡಿಸಿ, ಅದೇ ಡೈರಿಯಲ್ಲಿ ಆ ಪುಟ ತೆಗೆದರಾಯ್ತು.

ಸಾವಿರನೇ ದಿನಕ್ಕೆ ಇದರ ನಿಜವಾದ ರುಚಿ ಗೊತ್ತಾಗುತ್ತದೆ. 999ರಲ್ಲಿ 2023ರ ಬಾಕಿ 26 ಕಳೆಯಿರಿ, 973. 2024 ಅಧಿಕ ವರ್ಷ, 366 ಕಳೆಯಿರಿ, 607. 2025ಕ್ಕೆ 365 ಕಳೆಯಿರಿ, 242. ಅಂದರೆ 2026ರ 242ನೇ ದಿನ. 2026ರ ಡೈರಿ ಇನ್ನೂ ಬಂದಿರದಿದ್ದರೂ ಪರವಾಗಿಲ್ಲ, 2023ರದ್ದನ್ನೇ ನೋಡಬಹುದು. ಎರಡೂ 365 ದಿನದ ವರ್ಷಗಳೇ, ಪುಟದ ಅಂಕಿ ಬದಲಾಗಲ್ಲ. ವಾರದ ಹೆಸರು ಮಾತ್ರ ಅದರಿಂದ ತೆಗೆದುಕೊಳ್ಳಬೇಡಿ. 242 ಅಂದರೆ ಆಗಸ್ಟ್ 30. ತಾಳೆ ನೋಡಿದರೆ ಮಂಗಳವಾರದ ಮಗುವಿಗೆ ಭಾನುವಾರ ಬರಬೇಕು, 2026ರ ಆಗಸ್ಟ್ 30 ಭಾನುವಾರವೇ.

ಅಧಿಕ ವರ್ಷದ ಡೈರಿಯನ್ನು ಸಾಧಾರಣ ವರ್ಷಕ್ಕೆ ಬಳಸಿದರೆ ಮಾರ್ಚ್‌ನಿಂದ ಮುಂದೆ ಒಂದು ದಿನ ಏರುಪೇರಾಗುತ್ತದೆ. ಈ ವಿಧಾನದಲ್ಲಿ ಕಾಯಬೇಕಾದದ್ದು ಅದೊಂದನ್ನೇ.

ಶೀಟ್

ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್‌ನಲ್ಲಿ ತಾರೀಖು ಅಂದರೆ ಒಳಗೆ ಬರೀ ಒಂದು ದಿನದ ಅಂಕಿ. ಅದಕ್ಕೇ ನೇರವಾಗಿ ಕೂಡಿಸಬಹುದು.

```
=DATE(2023,12,5)+99
=DATE(2023,12,5)+999
```

ಮೊದಲ ಸಲ ಉತ್ತರ 45364 ಅಂತ ಕಾಣಿಸಿದರೆ ಗಾಬರಿ ಬೇಡ, ಆ ಸೆಲ್‌ನ ಫಾರ್ಮ್ಯಾಟ್ ಅನ್ನು ತಾರೀಖಿಗೆ ಬದಲಿಸಿದರೆ ಮಾರ್ಚ್ 13 ಕಾಣಿಸುತ್ತದೆ.

ನಾನು ಬೇಕಂತಲೇ `DATE` ಬಳಸಿದ್ದೇನೆ. ಸುಮ್ನೆ 05/12/2023 ಅಂತ ಟೈಪ್ ಮಾಡಿದರೆ, ಶೀಟಿನ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ, ಅದು ಮೇ 12 ಅಂತ ಓದಿಕೊಳ್ಳುತ್ತದೆ. ನೂರನೇ ದಿನ 2023ರ ಆಗಸ್ಟ್ 19 ಅಂತ ಬರುತ್ತದೆ, ಮಗು ಹುಟ್ಟೋದಕ್ಕೂ ಮೊದಲೇ! ಇದಾದರೂ ಕಣ್ಣಿಗೆ ಬೀಳುತ್ತದೆ. 05/06 ಥರದ ತಾರೀಖಿನಲ್ಲಿ ಬರೀ ಒಂದು ತಿಂಗಳು ಹೆಚ್ಚುಕಡಿಮೆ ಆಗೋದರಿಂದ ಯಾರಿಗೂ ಗೊತ್ತೇ ಆಗಲ್ಲ. ತಾರೀಖು 12ಕ್ಕಿಂತ ಜಾಸ್ತಿ ಇದ್ದರೆ, ಉದಾಹರಣೆಗೆ 25/12/2023, ಅಂಥ ಶೀಟ್ ಅದನ್ನು ತಾರೀಖು ಅಂತಲೇ ಒಪ್ಪಲ್ಲ, ಬರೀ ಅಕ್ಷರ ಅಂತ ಸೆಲ್‌ನ ಎಡಕ್ಕೆ ಅಂಟಿಸಿಡುತ್ತದೆ. ನಿಜವಾದ ತಾರೀಖು ತಾನಾಗಿಯೇ ಬಲಕ್ಕೆ ನಿಲ್ಲುತ್ತದೆ. ಎಡಕ್ಕೆ ನಿಂತದ್ದು ಕಂಡರೆ, ಗೂಗಲ್ ಶೀಟ್ಸ್‌ನಲ್ಲಿ File, ಅದರೊಳಗೆ Settings, ಅಲ್ಲಿ Locale ನೋಡಿ.

ಒಂದೇ ಮಗುವಿಗೆ ಇದು ಅತಿಯಾಯ್ತು. ಅಣ್ಣತಮ್ಮಂದಿರ ಮಕ್ಕಳೆಲ್ಲರ ನೂರು, ಐನೂರು, ಸಾವಿರ ಒಟ್ಟಿಗೆ ಬೇಕಾದರೆ ಶೀಟ್‌ಗೆ ಸಮ ಇಲ್ಲ.

ವೆಬ್‌ಸೈಟ್

ದಿನ ಕೂಡಿಸಿ ಕೊಡುವ ಪುಟಗಳು ಬೇಕಾದಷ್ಟು ಇವೆ. ವೇಗ ನೋಡಿದರೆ ಇವೇ ಮೊದಲು, ನಂಬಿಕೆಗೆ ಬಂದರೆ ನನ್ನ ಪಟ್ಟಿಯಲ್ಲಿ ಕೊನೆ. ಲೆಕ್ಕ ತಪ್ಪು ಅಂತಲ್ಲ. ನೀವು 100 ಅಂತ ಕೊಟ್ಟರೆ ಅದು 100 ಕೂಡಿಸುತ್ತೋ, ನೂರನೇ ದಿನ ಕೊಡುತ್ತೋ ಅನ್ನೋದು ಪುಟ ನೋಡಿದರೆ ಎಷ್ಟೋ ಸಲ ತಿಳಿಯಲ್ಲ. ಬರೀ ‘ಇಷ್ಟು ದಿನ ಕೂಡಿಸು’ ಅನ್ನುವ ಪುಟಗಳು ಡಿಸೆಂಬರ್ 5ಕ್ಕೆ ಮಾರ್ಚ್ 14 ಕೊಡುತ್ತವೆ. ಕೊರಿಯಾ ಪದ್ಧತಿಯಂತೆ ಮಗುವಿನ ನೂರನೇ ದಿನ ಹೇಳುವ ಪುಟ 13 ಕೊಡಬೇಕು.

ಪರೀಕ್ಷೆ ಮಾಡೋದು ಸುಲಭ. ಅಧಿಕ ವರ್ಷವಲ್ಲದ ಯಾವುದಾದರೂ ವರ್ಷದ ಜನವರಿ 1 ಕೊಟ್ಟು 100 ಕೇಳಿ. ಜನವರಿ, ಫೆಬ್ರವರಿ, ಮಾರ್ಚ್ ಸೇರಿ 90 ದಿನ, ಹಾಗಾಗಿ ವರ್ಷದ ನೂರನೇ ದಿನ ಏಪ್ರಿಲ್ 10. ಪುಟ 10 ಅಂದರೆ ಅದು ಮೊದಲ ದಿನವನ್ನು ಎಣಿಸುತ್ತಿದೆ. 11 ಅಂದರೆ ಎಣಿಸುತ್ತಿಲ್ಲ, ನೀವು 99 ಕೊಡಿ.

ಹೊರಡುವ ತಾರೀಖೇ ಬೇರೆಯಾದರೆ

ವಿಧಾನ ಯಾವುದಾದರೂ ಶುರುವಿನ ತಾರೀಖು ನೀವೇ ಗಟ್ಟಿ ಮಾಡಿಕೊಳ್ಳಬೇಕು. ಎರಡು ಸಂದರ್ಭದಲ್ಲಿ ಅದು ಕೈಕೊಡುತ್ತದೆ. ಒಂದು, ಮಗು ಬೆಳಗಿನ ಜಾವ ಮೂರಕ್ಕೆ ಹುಟ್ಟಿದ್ದು. ಆಸ್ಪತ್ರೆಯ ಕಾಗದದಲ್ಲಿ ಮಂಗಳವಾರ ಡಿಸೆಂಬರ್ 5 ಇರುತ್ತದೆ, ಪಂಚಾಂಗದಲ್ಲಿ ವಾರ ಬದಲಾಗೋದು ಸೂರ್ಯ ಹುಟ್ಟಿದ ಮೇಲೆ, ಆದ್ದರಿಂದ ಅಜ್ಜಿಯ ಲೆಕ್ಕಕ್ಕೆ ಅದು ಇನ್ನೂ ಸೋಮವಾರ. ಅವರು ಎಣಿಸಿದರೆ ನೂರನೇ ದಿನ ಮಾರ್ಚ್ 12 ಆಗುತ್ತದೆ. ಎರಡು, ಮಗು ಹೊರದೇಶದಲ್ಲಿ ಹುಟ್ಟಿದ್ದು. ಕ್ಯಾಲಿಫೋರ್ನಿಯಾದಲ್ಲಿ ಡಿಸೆಂಬರ್ 5ರ ರಾತ್ರಿ ಒಂಬತ್ತೂವರೆ ಅಂದರೆ ಇಲ್ಲಿ 6ರ ಬೆಳಗ್ಗೆ ಹನ್ನೊಂದು. ಫೋನ್ ಬಂದ ದಿನ ಬರೆದಿಟ್ಟುಕೊಂಡ ಅತ್ತೆ 6ರಿಂದ ಎಣಿಸುತ್ತಾರೆ. ಜನನ ಪ್ರಮಾಣಪತ್ರದಲ್ಲಿ ಇರೋದು ಹುಟ್ಟಿದ ಊರಿನ ತಾರೀಖು, ನಾನು ಹಿಡಿಯೋದು ಅದನ್ನೇ. ಅಜ್ಜಿಯ ಲೆಕ್ಕದಲ್ಲಿ ಪೂಜೆ ಇದ್ದರೆ ಅದನ್ನು ಅವರ ದಿನಕ್ಕೇ ಬಿಡಿ, ಊಟಕ್ಕೆ ಕರೆಯುವ ಕಾರ್ಡಿನಲ್ಲಿ ಮಾತ್ರ ಒಂದೇ ತಾರೀಖು ಇರಲಿ.