ಸೇತುವೆ ಯಾವ ಬಗೆಯದು? ಒಂದೇ ಫೋಟೋ ನೋಡಿ ಹೇಳುವ ಮೂರು ದಾರಿಗಳ ಹೋಲಿಕೆ

ಒಂದು ಫೋಟೋ ನೋಡಿ ಆ ಸೇತುವೆ ಕಮಾನೋ, ಗರ್ಡರೋ, ಟ್ರಸ್ಸೋ, ಕೇಬಲ್ ಸ್ಟೇಡೋ, ತೂಗು ಸೇತುವೆಯೋ ಎಂದು ಹೇಳಲು ನಾನು ಮೂರು ದಾರಿ ಹಿಡಿದು ನೋಡಿದ್ದೇನೆ. ಮೊದಲನೆಯದು ಹೊರಗೆರೆ ನೋಡುವುದು, ಅಂದರೆ ದೂರದಿಂದ ಕಾಣುವ ಒಟ್ಟು ಆಕಾರ. ಎರಡನೆಯದು ಭಾಗಗಳನ್ನು ಹುಡುಕುವುದು: ತ್ರಿಕೋನ ಇದೆಯಾ, ಕೇಬಲ್ ಇದೆಯಾ. ಮೂರನೆಯದು ಸೇತುವೆ ನೆಲಕ್ಕೆ ಇಳಿಯುವ ಜಾಗವನ್ನು ನೋಡುವುದು. ನನ್ನ ಮತ ಮೂರನೆಯದಕ್ಕೆ. ಯಾಕೆ ಅಂತ ಹೇಳುತ್ತೇನೆ.

ಇದಕ್ಕೆಲ್ಲ ಕಾರಣ ಮನೆಯ ಮಕ್ಕಳಿಗೆ ತಂದ ಒಂದು ಕಾರ್ಡ್ ಕಟ್ಟು. ಐದು ಬಗೆಯ ಸೇತುವೆಗಳು, ಐದು ಕಪ್ಪು ನೆರಳಿನ ಚಿತ್ರಗಳು. ಆಕಾರ ಹೊಂದಿಸಿದರೆ ಉತ್ತರ ಸಿಗುತ್ತದೆ ಎಂದು ಮೇಲೆ ಬರೆದಿತ್ತು. ಕಾರ್ಡಿನ ಚಿತ್ರಗಳ ಮಟ್ಟಿಗೆ ಅದು ನಿಜ. ನಿಜವಾದ ಫೋಟೋ ಮುಂದಿಟ್ಟರೆ ಆ ದಾರಿ ಬೇಗ ಕೈಕೊಡುತ್ತದೆ.

ಹೌರಾ ಸೇತುವೆಯನ್ನೇ ನೋಡಿ. ಕೋಲ್ಕತ್ತದಲ್ಲಿ 1943ರಲ್ಲಿ ಶುರುವಾದದ್ದು. ಎರಡು ಎತ್ತರದ ಗೋಪುರಗಳು, ಅವುಗಳ ತುದಿಯಿಂದ ನಡುವಿಗೆ ಇಳಿದು ಮತ್ತೆ ಏರುವ ಗೆರೆ. ಹೊರಗೆರೆ ಮಾತ್ರ ನೋಡಿದರೆ ಇದು ತೂಗು ಸೇತುವೆ. ಆದರೆ ಅಲ್ಲಿ ಕೇಬಲ್ಲೇ ಇಲ್ಲ! ಆ ಇಳಿಜಾರಿನ ಗೆರೆ ದಪ್ಪ ಉಕ್ಕಿನ ತುಂಡುಗಳಿಂದ ಆಗಿದೆ, ಕೆಳಗೆಲ್ಲ ತ್ರಿಕೋನಗಳು ತುಂಬಿವೆ. ಎರಡೂ ಕಡೆಯಿಂದ ಟ್ರಸ್ಸಿನ ತೋಳುಗಳು ನದಿಯ ಮೇಲೆ ಚಾಚಿವೆ, ನಡುವಿನ ಸುಮಾರು 172 ಮೀಟರ್ ತುಂಡು ಆ ತೋಳುಗಳ ತುದಿಗೆ ಆತುಕೊಂಡಿದೆ. ಇದು ಕ್ಯಾಂಟಿಲಿವರ್ ಟ್ರಸ್. ಇಲ್ಲಿ ಎರಡನೆಯ ದಾರಿ ಹಿಡಿದವರು ಗೆಲ್ಲುತ್ತಾರೆ: ಫೋಟೋ ಸ್ವಲ್ಪ ದೊಡ್ಡದು ಮಾಡಿ, ತ್ರಿಕೋನ ಕಂಡಿತು, ಟ್ರಸ್ ಅಂದರು. ಸರಿ.

ಈಗ ಅದೇ ದಾರಿಯನ್ನು ಸಿಡ್ನಿ ಹಾರ್ಬರ್ ಸೇತುವೆಗೆ ಹಾಕಿ. 1932ರದ್ದು, 503 ಮೀಟರ್ ಹರವು. ಇಲ್ಲೂ ಫೋಟೋ ತುಂಬ ತ್ರಿಕೋನಗಳು. ಹಾಗಾದರೆ ಇದೂ ಟ್ರಸ್ ಅಲ್ವಾ? ಅಲ್ಲ, ಇದು ಕಮಾನು ಸೇತುವೆ. ಈ ಒಂದು ತೊಡಕು ನನ್ನನ್ನು ಬಹಳ ಕಾಡಿತು, ಮೂರನೆಯ ದಾರಿ ಹಿಡಿದದ್ದೂ ಇದರಿಂದಲೇ.

ತ್ರಿಕೋನಗಳು ಕಂಡರೆ ಗೊತ್ತಾಗುವುದು ಒಂದೇ: ಆ ಭಾಗವನ್ನು ಹೇಗೆ ಕಟ್ಟಿದ್ದಾರೆ ಎಂಬುದು. ಉಕ್ಕಿನ ದೊಡ್ಡ ಭಾಗ ಬೇಕೆಂದಾಗ ಗಟ್ಟಿ ಹಲಗೆಯ ಬದಲು ತ್ರಿಕೋನಗಳ ಬಲೆ ಮಾಡಿದರೆ ತೂಕ ಕಡಿಮೆ, ಬಿಗಿ ಜಾಸ್ತಿ. ಆ ಬಲೆಯಿಂದ ಗರ್ಡರ್ ಮಾಡಬಹುದು, ಕಮಾನು ಮಾಡಬಹುದು, ತೂಗು ಸೇತುವೆಯ ರಸ್ತೆಯ ಹಾಸಿಗೆ ಬಿಗಿ ಕೊಡಬಹುದು. ಗೋಲ್ಡನ್ ಗೇಟ್ ಸೇತುವೆಯ ಹಾಸಿನ ಕೆಳಗೂ ಟ್ರಸ್ ಇದೆ. ಅದನ್ನು ಯಾರೂ ಟ್ರಸ್ ಸೇತುವೆ ಅನ್ನುವುದಿಲ್ಲ. ಬಗೆ ತೀರ್ಮಾನವಾಗುವುದು ಭಾರ ಯಾವ ದಾರಿಯಲ್ಲಿ ಹೋಗಿ ನೆಲವನ್ನು ಹೇಗೆ ಒತ್ತುತ್ತದೆ ಎಂಬುದರಿಂದ.

ಸಿಡ್ನಿಯ ಫೋಟೋದಲ್ಲಿ ಒಂದು ದಡಕ್ಕೆ ಬನ್ನಿ. ಮೊದಲು ಕಣ್ಣಿಗೆ ಬೀಳುವುದು 89 ಮೀಟರ್ ಎತ್ತರದ, ಕಲ್ಲು ಹೊದಿಸಿದ ಜೋಡಿ ಗೋಪುರಗಳು. ಕಮಾನನ್ನು ಅವೇ ಹಿಡಿದು ನಿಲ್ಲಿಸಿವೆ ಅನ್ನಿಸುತ್ತದೆ. ಈಗ ಉಕ್ಕಿನ ಎರಡು ಗೆರೆಗಳನ್ನು ಬೆರಳಿನಿಂದ ಹಿಂಬಾಲಿಸಿ. ಮೇಲಿನ ಗೆರೆ ಗೋಪುರದ ಹತ್ತಿರ ಬಂದು, ಅದನ್ನು ಒತ್ತದೆ, ಅಲ್ಲೇ ಮುಗಿಯುತ್ತದೆ. ಕೆಳಗಿನ ಗೆರೆ ಮಾತ್ರ ರಸ್ತೆಯನ್ನು ದಾಟಿ ಕೆಳಗಿಳಿದು, ಗೋಪುರದ ಬುಡದಲ್ಲಿ ಒಂದು ದೊಡ್ಡ ಕೀಲಿಗೆ ಬಂದು ಕೂರುತ್ತದೆ. ಎಲ್ಲ ಭಾರವೂ ಇಳಿಯುವುದು ಆ ಕೀಲಿನಲ್ಲಿ. ಅದು ಬರುವುದೂ ಓರೆಯಾಗಿ: ಕೆಳಕ್ಕೂ ಒತ್ತುತ್ತದೆ, ಹೊರಕ್ಕೂ ತಳ್ಳುತ್ತದೆ. ಈ ಹೊರತಳ್ಳು ಇದ್ದರೆ ಕಮಾನು. ಗೋಪುರಗಳಿರುವುದು ನೋಟಕ್ಕೆ, ಕಮಾನಿನ ಭಾರ ಅವುಗಳ ಮೇಲಿಲ್ಲ.

ಬರೀ ಟ್ರಸ್ ಸೇತುವೆಯ ತುದಿ ಹೀಗಿರುವುದಿಲ್ಲ. ಅದು ಕಂಬದ ತಲೆಯ ಮೇಲೆ ಒಂದು ಬೇರಿಂಗಿನಲ್ಲಿ ಮಟ್ಟಸವಾಗಿ ಕುಳಿತಿರುತ್ತದೆ. ಕಂಬ ನೆಟ್ಟಗೆ, ತೆಳ್ಳಗೆ ಇದ್ದರೂ ನಡೆಯುತ್ತದೆ, ಯಾಕೆಂದರೆ ಅದು ಹೊರಬೇಕಾದ್ದು ಹೆಚ್ಚಾಗಿ ಕೆಳಮುಖದ ಭಾರ. ಕಮಾನಿನ ತುದಿಯಲ್ಲಿ ಬಂಡೆಯೋ, ದಪ್ಪ ಕಟ್ಟೆಯೋ ಇರಲೇಬೇಕು. ಆ ಕಟ್ಟೆಯ ಮುಖವೂ ಕಮಾನಿಗೆ ಎದುರಾಗಿ ವಾಲಿರುತ್ತದೆ. ಚಿಕ್ಕ ಫೋಟೋದಲ್ಲೂ ಇದು ಕಾಣುತ್ತದೆ.

ಇಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ. ತೆಳ್ಳನೆಯ ಕಂಬಗಳ ಮೇಲೆ ಕಮಾನು ಕೂತಿರುವ ಫೋಟೋಗಳೂ ಇವೆ. ರಾಜಮಹೇಂದ್ರವರಂನಲ್ಲಿ ಗೋದಾವರಿಯ ಮೇಲಿರುವ ಕಾಂಕ್ರೀಟಿನ ರೈಲು ಸೇತುವೆ ಇದಕ್ಕೆ ಒಳ್ಳೆಯ ಉದಾಹರಣೆ. ಸಾಲಾಗಿ ಕಮಾನುಗಳು, ಒಂದೊಂದರ ಹರವು 97 ಮೀಟರಿಗಿಂತ ಸ್ವಲ್ಪ ಜಾಸ್ತಿ. ತಳ್ಳು ಎಲ್ಲಿ ಹೋಯಿತು? ಹಳಿ ಹೊತ್ತ ಹಾಸೇ ಕಮಾನಿನ ಎರಡು ಕಾಲುಗಳನ್ನು ಹಿಡಿದು ಎಳೆದಿಟ್ಟಿದೆ, ಬಿಲ್ಲಿಗೆ ಹೆದೆ ಇದ್ದ ಹಾಗೆ. ಹೊರತಳ್ಳು ಒಳಗೇ ತೀರಿಹೋಗುತ್ತದೆ, ಕಂಬಕ್ಕೆ ಉಳಿಯುವುದು ಕೆಳಮುಖದ ಭಾರ. ಗುರುತು ಹೀಗೆ: ಕಮಾನಿನ ಕಾಲು ಹಾಸಿನ ಮಟ್ಟದಲ್ಲೇ ನಿಲ್ಲುತ್ತದೆ, ಅದರಿಂದ ಕೆಳಗೆ ಇಳಿಯುವುದಿಲ್ಲ. ಸಿಡ್ನಿಯಲ್ಲಿ ಕಾಲು ಹಾಸನ್ನು ದಾಟಿ ಕೆಳಗೆ ಹೋಗುತ್ತದೆ.

ಇಂಥ ಹೆದೆ ಬಿಗಿದ ಕಮಾನಿಗೂ ಬೆನ್ನು ಬಾಗಿದ ಟ್ರಸ್ಸಿಗೂ ಗೊಂದಲ ಆದರೆ ನಾನೂ ಎರಡನೆಯ ದಾರಿಗೆ ಹೋಗುತ್ತೇನೆ. ತುದಿಗಳು ಎರಡರಲ್ಲೂ ಒಂದೇ ಥರ ಕಾಣುತ್ತವೆ. ಒಳಗೆ ನೋಡಿ. ಕಮಾನಿನಿಂದ ಹಾಸಿಗೆ ನೆಟ್ಟಗೆ ಇಳಿದ ಸರಳುಗಳು ಮಾತ್ರ ಇದ್ದರೆ ಕಮಾನು. ಓರೆ ಕೋಲುಗಳೂ ಇದ್ದು, ಅವು ನೆಟ್ಟಗಿನ ಕೋಲುಗಳಷ್ಟೇ ದಪ್ಪವಾಗಿದ್ದರೆ ಟ್ರಸ್. ಕೆಲವು ಹೊಸ ಕಮಾನುಗಳಲ್ಲಿ ನೇತು ಸರಳುಗಳೇ ಓರೆಯಾಗಿ ಒಂದನ್ನೊಂದು ದಾಟುತ್ತವೆ. ಅವು ದಾರದಂತೆ ಸಣ್ಣ, ಎಳೆತ ಬಿಟ್ಟು ಬೇರೇನೂ ಅವುಗಳ ಕೆಲಸ ಅಲ್ಲ. ಒತ್ತಡ ಹೊರುವ ಕೋಲು ಅಷ್ಟು ಸಣ್ಣಗಿದ್ದರೆ ಬಾಗಿಹೋಗುತ್ತದೆ. ಹಾಗಾಗಿ ದಪ್ಪವೇ ಸಾಕ್ಷಿ.

ಗರ್ಡರ್ ಸೇತುವೆ ಸುಲಭ: ನೇರ ಹಾಸು, ಕೆಳಗೆ ಕಂಬ, ಮೇಲೆ ಖಾಲಿ. ಒಂದು ಎಚ್ಚರಿಕೆ ಮಾತ್ರ. ಕೆಳಮೈ ಬಾಗಿದ್ದರೆ ಕಮಾನು ಎನ್ನಬೇಡಿ. ಲಂಡನ್ನಿನ ವಾಟರ್ಲೂ ಸೇತುವೆ ಕಮಾನಿನಂತೆ ಕಂಡರೂ ಒಳಗೆ ಕಾಂಕ್ರೀಟಿನ ಗರ್ಡರ್. ಸಾಮಾನ್ಯವಾಗಿ ಇಂಥ ಗರ್ಡರ್ ಕಂಬದ ಮೇಲೆ ದಪ್ಪ, ಹರವಿನ ನಡುವೆ ಸಣ್ಣ, ದಡದ ಹತ್ತಿರ ಬಂದಂತೆ ಮತ್ತೆ ಸಣ್ಣ. ನಿಜವಾದ ಕಮಾನು ದಡಕ್ಕೆ ಬಂದು ಸಣ್ಣಗಾಗಿ ಸುಮ್ನೆ ಮುಗಿಯುವುದಿಲ್ಲ, ಅಲ್ಲಿ ಏನನ್ನಾದರೂ ಒತ್ತಲೇಬೇಕು.

ಇನ್ನು ಕೇಬಲ್ ಇರುವ ಎರಡು ಬಗೆ. ಗೋಪುರದ ತಲೆಯಿಂದ ಒಂದೇ ಒಂದು ಕೇಬಲ್ ಹಿಡಿದು ಹೋಗಿ. ಅದು ನೇರವಾಗಿ ಹಾಸಿಗೆ ಬಂದು ಸೇರಿದರೆ, ಅಕ್ಕಪಕ್ಕ ಅಂಥವೇ ಹಲವು ಇದ್ದರೆ, ಕೇಬಲ್ ಸ್ಟೇಡ್. ಅದು ಜೋತು ಬಿದ್ದು ಇನ್ನೊಂದು ಗೋಪುರಕ್ಕೆ ಹೋದರೆ, ಅದರಿಂದ ಸಣ್ಣ ಸರಳುಗಳು ಇಳಿದಿದ್ದರೆ, ತೂಗು ಸೇತುವೆ. ಇಲ್ಲೊಂದು ಉಪಯುಕ್ತ ಸಂಗತಿ ಇದೆ. ಸಾಮಾನ್ಯ ಫೋಟೋದಲ್ಲಿ ನೇರ ಗೆರೆ ಯಾವ ಕೋನದಿಂದ ತೆಗೆದರೂ ನೇರವಾಗಿಯೇ ಕಾಣುತ್ತದೆ. ಹಾಗಾಗಿ ಕೇಬಲ್ ಎದ್ದು ಕಾಣುವಷ್ಟು ಬಾಗಿದ್ದರೆ ಅದು ನಿಜಕ್ಕೂ ಬಾಗಿದೆ. ಪನೋರಮಾ ಮತ್ತು ತೀರಾ ಅಗಲದ ಲೆನ್ಸಿನ ಫೋಟೋಗಳನ್ನು ಮಾತ್ರ ನಂಬಬೇಡಿ. ಇದು ಹಿಂದುಮುಂದಾಗಿ ನಡೆಯುವುದಿಲ್ಲ. ಜೋತ ಕೇಬಲ್ಲಿನ ಸರಿಯಾಗಿ ಕೆಳಗೇ ನಿಂತು, ಅದರ ಉದ್ದಕ್ಕೆ ತೆಗೆದ ಫೋಟೋದಲ್ಲಿ ಅದೂ ನೇರ ಗೆರೆಯಾಗಿಯೇ ಕಾಣುತ್ತದೆ.

ಆಗ ಮತ್ತೆ ದಡಕ್ಕೆ ಹೋಗುತ್ತೇನೆ. ತೂಗು ಸೇತುವೆಯ ಮುಖ್ಯ ಕೇಬಲ್ಲಿನ ಎಳೆತವನ್ನು ಯಾರಾದರೂ ಹಿಡಿಯಬೇಕು. ಅದಕ್ಕೆ ದಡದಲ್ಲಿ ಕಾಂಕ್ರೀಟಿನದೋ ಕಲ್ಲಿನದೋ ಭಾರಿ ದಿಮ್ಮಿ ಇರುತ್ತದೆ, ಇಲ್ಲವೇ ಕೇಬಲ್ ಬಂಡೆಯೊಳಗೆ ಹೋಗುತ್ತದೆ. ಕೇಬಲ್ ಸ್ಟೇಡ್‌ನಲ್ಲಿ ಎರಡೂ ಬದಿಯ ಕೇಬಲ್ಲುಗಳು ಹಾಸನ್ನು ಗೋಪುರದ ಕಡೆಗೆ ಎಳೆಯುತ್ತವೆ, ಆ ಎಳೆತವನ್ನು ಹಾಸೇ ಒತ್ತಡವಾಗಿ ನುಂಗುತ್ತದೆ. ದಡದಲ್ಲಿ ದಿಮ್ಮಿ ಬೇಕಿಲ್ಲ. ಬ್ರೂಕ್ಲಿನ್ ಸೇತುವೆಯ ಫೋಟೋ ನೋಡಿದವರು ತಬ್ಬಿಬ್ಬಾಗುವುದು ಸಹಜ. ಅಲ್ಲಿ ಜೋತ ಕೇಬಲ್ಲೂ ಇದೆ, ಗೋಪುರದಿಂದ ಬರುವ ಓರೆ ಕೇಬಲ್ಲೂ ಇದೆ, ನೆಟ್ಟ ಸರಳುಗಳೂ ಸೇರಿ ಬಲೆ ಹೆಣೆದಂತಿದೆ. 1883ರ ಆ ಸೇತುವೆಯಲ್ಲಿ ಓರೆ ಕೇಬಲ್ಲುಗಳು ಬಿಗಿ ಕೊಟ್ಟು ಭಾರದಲ್ಲಿ ಪಾಲು ಹೊರುತ್ತವೆ. ಮುಖ್ಯ ಕೇಬಲ್ ಹೋಗಿ ಸೇರುವುದು ದಡದ ದೊಡ್ಡ ಕಲ್ಲಿನ ದಿಮ್ಮಿಗೆ. ಅದು ತೂಗು ಸೇತುವೆಯೇ.

ನನ್ನ ದಾರಿ ಸೋಲುವ ಜಾಗವೂ ಇದೆ. ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಓಕ್ಲಂಡ್ ನಡುವಿನ ಬೇ ಸೇತುವೆಯ ಪೂರ್ವ ಭಾಗವನ್ನು 2013ರಲ್ಲಿ ಹೊಸದಾಗಿ ತೆರೆದರು. ಅಲ್ಲಿ ಒಂದೇ ಗೋಪುರ, ದಡದಲ್ಲಿ ದಿಮ್ಮಿಯೇ ಇಲ್ಲ. ತುದಿ ಮಾತ್ರ ನೋಡಿದರೆ ಕೇಬಲ್ ಸ್ಟೇಡ್ ಎನ್ನಬೇಕಾಗುತ್ತದೆ. ಆದರೆ ಮುಖ್ಯ ಕೇಬಲ್ ಸ್ಪಷ್ಟವಾಗಿ ಬಾಗಿದೆ, ಅದರಿಂದ ಸರಳುಗಳು ಇಳಿದಿವೆ. ಕೇಬಲ್ಲಿನ ತುದಿಯನ್ನು ಹಾಸಿಗೇ ಬಿಗಿದಿದ್ದಾರೆ. ಇದೂ ತೂಗು ಸೇತುವೆ. ಕೇಬಲ್ ಕಂಡಾಗ ಮೊದಲು ಬಾಗು ನೋಡಿ ಆಮೇಲೆ ದಡ ನೋಡುವ ಅಭ್ಯಾಸ ನನಗೆ ಇದರಿಂದಲೇ ಬಂತು.

ನಾನು ಹೆಚ್ಚಾಗಿ ಫೋನಿನಲ್ಲಿ, ಚಿಕ್ಕ ಫೋಟೋಗಳನ್ನು ನೋಡುವವನು. ಒಂದೊಂದು ಕೋಲಿನ ದಪ್ಪ ಅಳೆಯುವಷ್ಟು ಪುರುಸೊತ್ತೂ ಇರುವುದಿಲ್ಲ. ಹಾಗಾಗಿ ತುದಿಯಿಂದ ಶುರು ಮಾಡುವುದೇ ನನಗೆ ಹೊಂದುತ್ತದೆ: ಕಾಲು ಎಲ್ಲಿ ನಿಂತಿದೆ, ಓರೆಯಾಗಿ ತಳ್ಳುತ್ತಿದೆಯಾ, ಮಟ್ಟಸವಾಗಿ ಕೂತಿದೆಯಾ, ಎಳೆತ ಹಿಡಿಯುವ ದಿಮ್ಮಿ ಇದೆಯಾ. ದೊಡ್ಡ ಪರದೆ, ಸ್ಪಷ್ಟ ಫೋಟೋ, ಸಮಯ ಎಲ್ಲ ಇರುವವರಿಗೆ ಭಾಗ ಹುಡುಕುವ ದಾರಿ ಇನ್ನೂ ಹೆಚ್ಚು ವಿವರ ಕೊಡುತ್ತದೆ. ಹೊರಗೆರೆಯ ದಾರಿ ದೂರದ, ಮಂಜಿನ ಫೋಟೋಗಳಿಗೆ ಇರಲಿ, ಉತ್ತರವನ್ನು ಊಹೆ ಎಂದೇ ಬರೆದುಕೊಳ್ಳಿ. ಎರಡೂ ತುದಿ ಕತ್ತರಿಸಿಹೋದ ಫೋಟೋದಲ್ಲಿ ಕಮಾನು ಎಂದಷ್ಟೇ ಬರೆದು ನಿಲ್ಲಿಸುತ್ತೇನೆ. ಅದರ ತಳ್ಳು ಬಂಡೆಗೆ ಹೋಗುತ್ತದೋ ಹಾಸಿನಲ್ಲೇ ತೀರುತ್ತದೋ ಎಂಬ ಜಾಗವನ್ನು ಇನ್ನೊಂದು ಫೋಟೋ ಸಿಗುವವರೆಗೆ ಖಾಲಿ ಬಿಡುತ್ತೇನೆ.