ಕಾರ್ಟ್‌ನಲ್ಲೇ ಉಳಿದ ಸೀರೆ: ಬರೀ ನೆನಪಿಸುವುದೋ, ರಿಯಾಯಿತಿ ಕೊಡುವುದೋ?

ನಿಮ್ಮ ಆನ್‌ಲೈನ್ ಅಂಗಡಿಯಲ್ಲಿ 2,400 ರೂಪಾಯಿಯ ಇಳಕಲ್ ಸೀರೆಯನ್ನು ಕಾರ್ಟ್‌ಗೆ ಹಾಕಿದ ಗ್ರಾಹಕರು ಹಣ ಪಾವತಿಸದೆ ಹೋದರು ಎಂದುಕೊಳ್ಳಿ. ಒಂದು ಗಂಟೆಯ ನಂತರ ಕಳುಹಿಸುವ ಸಂದೇಶಕ್ಕೆ ರಿಯಾಯಿತಿ ಬೇಡ. ಯುಪಿಐ ವಿಫಲವಾದವರಿಗೆ, ನಡುವೆ ಕರೆ ಬಂದು ಮರೆತವರಿಗೆ ಸೀರೆಯ ಚಿತ್ರ ಮತ್ತು ಕಾರ್ಟ್‌ಗೆ ಮರಳುವ ಕೊಂಡಿ ಸಾಕು.

ಮರುದಿನವೂ ಕೊಳ್ಳದವರು ಹೆಚ್ಚಾಗಿ ಖರ್ಚು ನೋಡಿ ಹಿಂಜರಿದವರು. ಅವರಿಗೆ ಶೇ 10 ರಿಯಾಯಿತಿ ಕೊಟ್ಟರೆ 240 ರೂಪಾಯಿ ಹೋಗುತ್ತದೆ. ನಿಮ್ಮ ಲಾಭ 600 ಆಗಿದ್ದರೆ ಅದರಲ್ಲಿ ಶೇ 40 ಕರಗಿದಂತೆ. 120 ರೂಪಾಯಿಯ ಸಾಗಣೆ ಶುಲ್ಕ ಬಿಟ್ಟುಕೊಟ್ಟರೆ ನಷ್ಟ ಅರ್ಧವಷ್ಟೇ. ಕೊನೆಯ ಪುಟದಲ್ಲಿ ಆ ಶುಲ್ಕ ಕಂಡು ಹಿಂದೆ ಸರಿದವರಿಗೆ ಸರಿಯಾದ ಉತ್ತರವೂ ಅದೇ. ನನ್ನ ಆಯ್ಕೆ ಇದು.

ಪ್ರತಿ ಸಲ ಕೂಪನ್ ಬಂದರೆ ಹಳೆಯ ಗ್ರಾಹಕರು ಬೇಕೆಂದೇ ಕಾರ್ಟ್ ಬಿಟ್ಟು ಕಾಯುತ್ತಾರೆ. ಕೂಪನ್ ಬಳಸಿದವರ ಪಟ್ಟಿಯಲ್ಲಿ ಅವೇ ಹೆಸರುಗಳು ಮರುಕಳಿಸುತ್ತಿದ್ದರೆ ಅದನ್ನು ಮೊದಲ ಖರೀದಿಗೆ ಮಾತ್ರ ಸೀಮಿತಗೊಳಿಸಿ.